ಯುಗಾದಿ ಚೈತ್ರವನ್ನು ಬಿಡುವುದಿಲ್ಲ, ರಂಜಾನ್ ಏಕೆ ಎಲ್ಲ ಋತುಗಳನ್ನೂ ಸುತ್ತುತ್ತದೆ?

ಓದುಗರ ಪ್ರಶ್ನೆ: ಯುಗಾದಿ ಅಮಾವಾಸ್ಯೆಯ ಮರುದಿನ ಬರುತ್ತದೆ. ರಂಜಾನ್ ತಿಂಗಳೂ ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ ಶುರುವಾಗುತ್ತದೆ. ಎರಡೂ ಚಂದ್ರನ ಲೆಕ್ಕವೇ ಆಗಿದ್ದರೆ, ಯುಗಾದಿ ಯಾವಾಗಲೂ ಬೇಸಿಗೆಯ ಆರಂಭಕ್ಕೇ ಬರುವುದೇಕೆ, ರಂಜಾನ್ ಒಮ್ಮೆ ಮಳೆಗಾಲಕ್ಕೆ, ಒಮ್ಮೆ ಚಳಿಗಾಲಕ್ಕೆ ಬರುವುದೇಕೆ? (ಗದಗ ಜಿಲ್ಲೆಯ ಓದುಗರೊಬ್ಬರಿಂದ)

ಪ್ರಶ್ನೆ ಕೇಳಿದವರು ಯುಗಾದಿಯನ್ನು ಪಕ್ಕದಲ್ಲಿಟ್ಟು ಕೇಳಿದ್ದು ನನಗೆ ಬಹಳ ಹಿಡಿಸಿತು. ಸಾಮಾನ್ಯವಾಗಿ ಸಿಗುವ ಉತ್ತರ, "ಅವರದು ಚಾಂದ್ರಮಾನ, ಅದಕ್ಕೇ ಹನ್ನೊಂದು ದಿನ ಕಡಿಮೆ" ಎಂಬುದು. ನಮ್ಮ ಪಂಚಾಂಗವೂ ಚಾಂದ್ರಮಾನವೇ ಎಂದಮೇಲೆ ಆ ಉತ್ತರ ಅರ್ಧಕ್ಕೇ ನಿಂತುಬಿಡುತ್ತದೆ. ಉಳಿದರ್ಧ ಇರುವುದು ಅಧಿಕ ಮಾಸದಲ್ಲಿ.

ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಗೆ ಸರಾಸರಿ 29 ದಿನ, 12 ಗಂಟೆ, 44 ನಿಮಿಷ ಬೇಕು. ಇಂಥ ಹನ್ನೆರಡು ತಿಂಗಳು ಕೂಡಿದರೆ 354 ದಿನಗಳ ಮೇಲೆ ಸುಮಾರು ಒಂಬತ್ತು ಗಂಟೆ ಆಗುತ್ತದೆ. ಋತುಗಳಿಗೆ ಚಂದ್ರನ ಹಂಗಿಲ್ಲ. ಭೂಮಿ ಸೂರ್ಯನ ಸುತ್ತ ಒಂದು ಸುತ್ತು ಮುಗಿಸುವುದರ ಮೇಲೆ ಅವು ನಿಂತಿವೆ, ಅದಕ್ಕೆ 365 ದಿನ ಮತ್ತು ಆರು ಗಂಟೆಗೆ ತುಸು ಕಡಿಮೆ ಹಿಡಿಯುತ್ತದೆ. ಎರಡರ ನಡುವಿನ ಅಂತರ 10 ದಿನ 21 ಗಂಟೆ. ಹನ್ನೊಂದು ದಿನ ಎಂದು ನಾವು ಬಾಯಿಮಾತಿಗೆ ಹೇಳುವುದು ಇದನ್ನೇ. ಹನ್ನೆರಡು ಚಾಂದ್ರಮಾಸಗಳನ್ನೇ ವರ್ಷ ಎಂದು ಕರೆಯುವ ಯಾವ ಕ್ಯಾಲೆಂಡರ್ ಆದರೂ ಋತುವಿಗಿಂತ ಇಷ್ಟು ದಿನ ಮೊದಲೇ ಮುಗಿದುಹೋಗುತ್ತದೆ. ಇಸ್ಲಾಮಿನ ಹಿಜರಿ ವರ್ಷಕ್ಕೂ, ನಮ್ಮ ಚೈತ್ರದಿಂದ ಫಾಲ್ಗುಣದವರೆಗಿನ ಸಾಮಾನ್ಯ ವರ್ಷಕ್ಕೂ ಈ ಮಾತು ಒಂದೇ ಸಮನಾಗಿ ಅನ್ವಯಿಸುತ್ತದೆ.

ಹಾಗೆ ಹಿಂದೆ ಬಿದ್ದ ದಿನಗಳನ್ನು ಏನು ಮಾಡಬೇಕು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಮೂರು ವರ್ಷ ತುಂಬುವ ಮೊದಲೇ ಆ ಬಾಕಿ ಒಂದು ತಿಂಗಳಷ್ಟಾಗುತ್ತದೆ. ಆಗ ನಮ್ಮ ಪಂಚಾಂಗ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸಿ ಸೂರ್ಯನ ಜೊತೆ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಯಾವ ತಿಂಗಳು ಎಂಬುದಕ್ಕೆ ನಿಯಮ ಸರಳ: ಎರಡು ಅಮಾವಾಸ್ಯೆಗಳ ನಡುವೆ ಸೂರ್ಯನ ಸಂಕ್ರಮಣವೇ ಬೀಳದಿದ್ದರೆ ಅದು ಅಧಿಕ ಮಾಸ. 2026ರ ಲೆಕ್ಕ ನೋಡಿ. ಮೇ 15ಕ್ಕೆ ವೃಷಭ ಸಂಕ್ರಮಣ, ಮರುದಿನ ಅಮಾವಾಸ್ಯೆ. ಮುಂದಿನ ಅಮಾವಾಸ್ಯೆ ಜೂನ್ 15ರ ಬೆಳಿಗ್ಗೆ ಮುಗಿಯುತ್ತದೆ, ಅದಾದ ಕೆಲವೇ ಗಂಟೆಗಳಿಗೆ ಸೂರ್ಯ ಮಿಥುನವನ್ನು ಪ್ರವೇಶಿಸುತ್ತಾನೆ. ನಡುವಿನ ಇಡೀ ತಿಂಗಳಲ್ಲಿ ಸಂಕ್ರಮಣವಿಲ್ಲ, ಹಾಗಾಗಿ ಅದು ಅಧಿಕ ಜ್ಯೇಷ್ಠ. ಹತ್ತೊಂಬತ್ತು ವರ್ಷಗಳಲ್ಲಿ ಸುಮಾರು ಏಳು ಸಲ ಹೀಗೆ ತಿಂಗಳು ಸೇರುತ್ತದೆ. ಯುಗಾದಿ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದ ಆಸುಪಾಸಿನಲ್ಲೇ ಉಳಿಯುವುದು ಇದರಿಂದ.

ಹಿಜರಿ ಕ್ಯಾಲೆಂಡರಿನಲ್ಲಿ ಈ ಹೆಚ್ಚಿನ ತಿಂಗಳು ಇಲ್ಲ. ಇದು ಲೆಕ್ಕ ತಿಳಿಯದೆ ಬಿಟ್ಟದ್ದಲ್ಲ, ತಿಳಿದೇ ನಿಷೇಧಿಸಿದ್ದು. ಇಸ್ಲಾಂಗೆ ಮುಂಚೆ ಅರಬರಲ್ಲಿ ತಿಂಗಳುಗಳನ್ನು ಮುಂದೂಡುವ ನಸೀ ಎಂಬ ಪದ್ಧತಿ ಇತ್ತು. ಅದು ನಮ್ಮ ಅಧಿಕ ಮಾಸದಂತೆ ತಿಂಗಳು ಸೇರಿಸುವುದಾಗಿತ್ತೇ, ಅಥವಾ ಯುದ್ಧ ನಿಷಿದ್ಧವಾದ ತಿಂಗಳುಗಳನ್ನು ತಮಗೆ ಬೇಕಾದಂತೆ ಅದಲುಬದಲು ಮಾಡುವುದಾಗಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕುರಾನಿನ ಒಂಬತ್ತನೆಯ ಅಧ್ಯಾಯದ 36 ಮತ್ತು 37ನೆಯ ವಚನಗಳು ತಿಂಗಳುಗಳ ಸಂಖ್ಯೆ ಹನ್ನೆರಡೇ ಎಂದು ಹೇಳಿ, ನಸೀ ಪದ್ಧತಿಯನ್ನು ತಳ್ಳಿಹಾಕುತ್ತವೆ. ಅಂದಿನಿಂದ ಹಿಂದೆ ಬಿದ್ದ ಹನ್ನೊಂದು ದಿನಗಳನ್ನು ಯಾರೂ ತುಂಬಿಕೊಡುವುದಿಲ್ಲ. ಅವು ಕೂಡುತ್ತಲೇ ಹೋಗುತ್ತವೆ. ಹಿಜರಿ ಎಣಿಕೆ ಶುರುವಾಗುವ ಕ್ರಿಸ್ತಶಕ 622ರಿಂದ 2026ಕ್ಕೆ ಸೂರ್ಯನ ಲೆಕ್ಕದಲ್ಲಿ 1404 ವರ್ಷಗಳಾದರೆ, 2026ರ ರಂಜಾನ್ 1447ನೆಯ ಹಿಜರಿ ವರ್ಷದ್ದು.

ಇನ್ನು ನಮ್ಮ ಗೋಡೆಯ ಕ್ಯಾಲೆಂಡರಿನಲ್ಲೇ ಪರೀಕ್ಷಿಸಬಹುದಾದ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ತಾರೀಖಿನ ಜೊತೆ ಹೋಲಿಸಿದರೆ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುವುದು ಕಾಣುತ್ತದೆ. ನಮ್ಮ ಪಂಚಾಂಗದ ಜೊತೆ ಹೋಲಿಸಿದರೆ ಅದು ಹಾಗೆ ಸರಿಯುವುದೇ ಇಲ್ಲ. ಎರಡು ಮೂರು ವರ್ಷ ಒಂದೇ ಮಾಸದಲ್ಲಿ ನಿಂತಿದ್ದು, ಒಮ್ಮೆಲೇ ಒಂದು ಮಾಸ ಹಿಂದಕ್ಕೆ ಹೋಗುತ್ತದೆ. ಹೋಗುವುದು ಅಧಿಕ ಮಾಸ ಬಂದಾಗ ಮಾತ್ರ.

2021ರಲ್ಲಿ ಏಪ್ರಿಲ್ 13ಕ್ಕೆ ಯುಗಾದಿ, ಮರುದಿನವೇ ಮೊದಲ ರೋಜಾ. 2022ರಲ್ಲಿ ಏಪ್ರಿಲ್ 2ಕ್ಕೆ ಯುಗಾದಿ, 3ಕ್ಕೆ ರೋಜಾ. 2023ರಲ್ಲಿ ಮಾರ್ಚ್ 22 ಮತ್ತು 24. ಮೂರೂ ವರ್ಷ ರಂಜಾನ್ ಎಂದರೆ ಹೆಚ್ಚುಕಡಿಮೆ ಚೈತ್ರ ಮಾಸವೇ. 2023ರ ಜುಲೈ–ಆಗಸ್ಟಿನಲ್ಲಿ ಅಧಿಕ ಶ್ರಾವಣ ಬಂತು. ಪಂಚಾಂಗ ಒಂದು ತಿಂಗಳು ತಡೆದು ನಿಂತಿತು, ಹಿಜರಿ ನಿಲ್ಲದೆ ಮುಂದೆ ನಡೆಯಿತು. ಪರಿಣಾಮವಾಗಿ 2024ರಲ್ಲಿ ರಂಜಾನ್ ಫಾಲ್ಗುಣಕ್ಕೆ ಬಂದು, ಯುಗಾದಿ ಉಪವಾಸದ ಆರಂಭದ ಬದಲು ಅದರ ಕೊನೆಗೆ ಹೊಂದಿಕೊಂಡಿತು. ಆ ವರ್ಷ ಏಪ್ರಿಲ್ 9ಕ್ಕೆ ಯುಗಾದಿ, 11ಕ್ಕೆ ಹುಬ್ಬಳ್ಳಿಯಲ್ಲಿ ರಂಜಾನ್ ಹಬ್ಬ. 2025ರಲ್ಲಿ ಮಾರ್ಚ್ 30 ಮತ್ತು 31. 2026ರಲ್ಲಿ ಮಾರ್ಚ್ 19 ಮತ್ತು 21. ಬೇವು ಬೆಲ್ಲ ಹಂಚಿ ಮುಗಿಯುವಷ್ಟರಲ್ಲಿ ಪಕ್ಕದ ಮನೆಯಿಂದ ಸುರಕುಂಬಾ ಬರುತ್ತಿದ್ದ ಆ ಮೂರು ವರ್ಷಗಳ ಕಾರಣ ಇಷ್ಟೇ: ಅವುಗಳ ನಡುವೆ ಅಧಿಕ ಮಾಸ ಇರಲಿಲ್ಲ.

2026ರ ಅಧಿಕ ಜ್ಯೇಷ್ಠ ಈ ಜೋಡಿಯನ್ನು ಬಿಡಿಸುತ್ತದೆ. 2027ರಲ್ಲಿ ಯುಗಾದಿ ಏಪ್ರಿಲ್ 7ಕ್ಕೆ, ರಂಜಾನ್ ಹಬ್ಬ ಮಾರ್ಚ್ 10ರ ಆಸುಪಾಸಿಗೆ. ನಡುವೆ ಹೆಚ್ಚುಕಡಿಮೆ ಒಂದು ತಿಂಗಳ ಅಂತರ. ಆಗ ರಂಜಾನಿನ ನೆರೆಯ ಹಬ್ಬ ಮಾರ್ಚ್ 6ರ ಶಿವರಾತ್ರಿಯಾಗಿರುತ್ತದೆ.

"ಆಸುಪಾಸು" ಎಂದು ಬರೆಯಲು ಕಾರಣವಿದೆ. ಪಂಚಾಂಗದ ಅಮಾವಾಸ್ಯೆ ಲೆಕ್ಕದಿಂದ ಬರುತ್ತದೆ, ಹಿಜರಿ ತಿಂಗಳು ನಮ್ಮ ಭಾಗದಲ್ಲಿ ಕಣ್ಣಿಗೆ ಕಂಡ ಬಿದಿಗೆ ಚಂದ್ರನಿಂದ ಶುರುವಾಗುತ್ತದೆ. 29ನೆಯ ದಿನದ ಸಂಜೆ ಚಂದ್ರ ಕಂಡರೆ ತಿಂಗಳು ಮುಗಿಯಿತು, ಕಾಣದಿದ್ದರೆ 30 ದಿನ ತುಂಬಿಸಬೇಕು. ಅಮಾವಾಸ್ಯೆಯಾಗಿ ಎಷ್ಟು ಗಂಟೆ ಕಳೆದಿದೆ, ಸೂರ್ಯ ಮುಳುಗಿದಾಗ ಚಂದ್ರ ದಿಗಂತದಿಂದ ಎಷ್ಟು ಮೇಲಿದ್ದಾನೆ, ಪಡುವಣದ ಆಕಾಶ ತಿಳಿಯಾಗಿದೆಯೇ ಎಂಬುದರ ಮೇಲೆ ಒಂದು ದಿನ ಹಿಂದೆಮುಂದೆ ಆಗುತ್ತದೆ. 2024ರಲ್ಲಿ ಕೇರಳದ ಚಂದ್ರದರ್ಶನವನ್ನು ಅನುಸರಿಸುವ ಮಂಗಳೂರು ಭಾಗದಲ್ಲಿ ಏಪ್ರಿಲ್ 10ಕ್ಕೇ ಹಬ್ಬವಾಯಿತು, ಹುಬ್ಬಳ್ಳಿ–ಧಾರವಾಡದಲ್ಲಿ ಮರುದಿನ. ಒಂದೇ ರಾಜ್ಯದಲ್ಲಿ ಎರಡು ದಿನ ಹಬ್ಬ ನಡೆದರೆ ಯಾರದೋ ಲೆಕ್ಕ ತಪ್ಪಿದೆ ಎಂದು ತಿಳಿಯಬೇಕಾಗಿಲ್ಲ.

ರಂಜಾನ್ ಮಳೆಗಾಲಕ್ಕೆ ಬಂದ ವರ್ಷಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. 2012ರಲ್ಲಿ ಅದು ಜುಲೈ–ಆಗಸ್ಟಿನಲ್ಲಿತ್ತು. ಧಾರವಾಡದ ಕಡೆ ಆ ದಿನಗಳಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಸಂಜೆಯ ಪಡುವಣ ಕಾಣುವುದೇ ಅಪರೂಪ. ಇಂಥ ಹೊತ್ತಿನಲ್ಲಿ ಬೇರೆ ಊರುಗಳಲ್ಲಿ ಚಂದ್ರನನ್ನು ಕಂಡವರ ಸಾಕ್ಷ್ಯವನ್ನು ಚಂದ್ರದರ್ಶನ ಸಮಿತಿಗಳು ಪರಿಶೀಲಿಸಿ ತೀರ್ಮಾನ ಹೇಳುತ್ತವೆ. ಎಲ್ಲಿಂದಲೂ ಸಾಕ್ಷ್ಯ ಬಾರದಿದ್ದರೆ ಮೂವತ್ತು ದಿನ. ಅದಕ್ಕಿಂತ ಹೆಚ್ಚಿಗೆ ತಿಂಗಳು ಬೆಳೆಯುವಂತಿಲ್ಲ, ಹಾಗಾಗಿ ತಪ್ಪಾದರೂ ಒಂದೇ ದಿನದ್ದು, ಮುಂದಿನ ಚಂದ್ರ ಕಂಡಾಗ ತಾನಾಗಿ ಸರಿಹೋಗುತ್ತದೆ.

ಪೂರ್ತಿ ಒಂದು ಸುತ್ತಿಗೆ ಎಷ್ಟು ಕಾಲ ಬೇಕು? ವರ್ಷಕ್ಕೆ ಹನ್ನೊಂದು ದಿನಕ್ಕೆ ತುಸು ಕಡಿಮೆಯಂತೆ 365 ದಿನ ಸರಿಯಲು ಸುಮಾರು ಮೂವತ್ಮೂರು ವರ್ಷ. ಅಷ್ಟರಲ್ಲಿ ಹಿಜರಿ ಲೆಕ್ಕದಲ್ಲಿ ಮೂವತ್ನಾಲ್ಕು ವರ್ಷ ಮುಗಿದಿರುತ್ತವೆ. ಒಬ್ಬ ಹುಡುಗ ಹನ್ನೆರಡನೆಯ ವಯಸ್ಸಿನಲ್ಲಿ, 1998ರಲ್ಲಿ, ಮೊದಲ ರೋಜಾ ಹಿಡಿದ ಎಂದುಕೊಳ್ಳಿ. ಅದು ಡಿಸೆಂಬರ್ ಕೊನೆಯ ಚಳಿ. ಹದಿನೇಳನೆಯ ವಯಸ್ಸಿಗೆ, 2003ರಲ್ಲಿ, ದೀಪಾವಳಿ ಮುಗಿದ ಹೊತ್ತು. ಇಪ್ಪತ್ತಾರಕ್ಕೆ ಶ್ರಾವಣದ ಮಳೆ. ಮೂವತ್ಮೂರಕ್ಕೆ, 2019ರಲ್ಲಿ, ಮೇ ತಿಂಗಳ ಬಿರುಬಿಸಿಲು. ನಲವತ್ತಕ್ಕೆ ಫೆಬ್ರುವರಿ–ಮಾರ್ಚ್, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಒಂದರ ಮೇಲೊಂದು ಬಂದು ಬೀಳುವ ಕಾಲ. ನಲವತ್ತೈದಕ್ಕೆ ಮತ್ತೆ ಡಿಸೆಂಬರ್. ಮೇ ತಿಂಗಳ ರೋಜಾ ಮತ್ತೆ ಅವನಿಗೆ ಸಿಗುವುದು 2052ರಲ್ಲಿ, ಅರವತ್ತಾರನೆಯ ವಯಸ್ಸಿನಲ್ಲಿ. ಬಿಸಿಲಿನಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲರಿಗೂ ತೆರೆದ ಹೊಲದಲ್ಲಿ ದುಡಿಯುವವರಿಗೂ ಈ ವ್ಯತ್ಯಾಸ ಲೆಕ್ಕದ ಮಾತಲ್ಲ, ಮೈಗೆ ತಟ್ಟುವ ಮಾತು.

ಆದರೆ ನಮ್ಮಲ್ಲಿ ಬದಲಾಗುವುದು ಮುಖ್ಯವಾಗಿ ಸೆಕೆಯೇ ಹೊರತು ಉಪವಾಸದ ಗಂಟೆಗಳಲ್ಲ ಎಂಬುದನ್ನು ಹಲವರು ಗಮನಿಸುವುದಿಲ್ಲ. ಹುಬ್ಬಳ್ಳಿ ಸಮಭಾಜಕದಿಂದ ಹದಿನೈದು ಡಿಗ್ರಿ ಚಿಲ್ಲರೆ ಉತ್ತರಕ್ಕಿದೆ. ಸಹರಿ ಮುಗಿಯುವ ನಸುಕಿನಿಂದ ಇಫ್ತಾರ್‌ವರೆಗೆ ಡಿಸೆಂಬರಿನಲ್ಲಿ ಸುಮಾರು ಹನ್ನೆರಡೂವರೆ ಗಂಟೆ, ಜೂನ್‌ನಲ್ಲಿ ಹದಿನಾಲ್ಕು ಗಂಟೆಯ ಮೇಲೆ ಇಪ್ಪತ್ತು ನಿಮಿಷದಷ್ಟು. ವ್ಯತ್ಯಾಸ ಎರಡು ಗಂಟೆಯೂ ಇಲ್ಲ. ಲಂಡನ್ನಿನಲ್ಲಿ ಸೂರ್ಯ ಹುಟ್ಟಿ ಮುಳುಗುವ ಅವಧಿಯೇ ಜೂನ್‌ನಲ್ಲಿ ಹದಿನಾರೂವರೆ ಗಂಟೆ, ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆ. ರಂಜಾನ್ ಒಂದೇ ಋತುವಿಗೆ ಕಟ್ಟುಬಿದ್ದಿದ್ದರೆ ಅಲ್ಲಿಯವರಿಗೆ ಪ್ರತಿ ಸಲವೂ ಅತಿ ದೀರ್ಘ ಉಪವಾಸ, ಇಲ್ಲವೇ ಪ್ರತಿ ಸಲವೂ ಅತಿ ಚಿಕ್ಕದು ಆಗಬಹುದಿತ್ತು. ಸುತ್ತುವುದರಿಂದ ಅದು ಮೂವತ್ಮೂರು ವರ್ಷಗಳಲ್ಲಿ ಸರಿದೂಗುತ್ತದೆ.

ರಂಜಾನಿಗೆ ಹೇಳಿದ್ದು ಮೊಹರಂಗೂ ಅನ್ವಯ. ಗದಗ, ಧಾರವಾಡ, ಹಾವೇರಿಯ ಹಳ್ಳಿಗಳಲ್ಲಿ ಹಿಂದೂಗಳೂ ಸೇರಿ ಅಲಾಯಿ ದೇವರನ್ನು ಕೂರಿಸುವ ಮೊಹರಂ ಈಗ ಮುಂಗಾರು ಬಿತ್ತನೆಯ ದಿನಗಳಿಗೆ ಬಂದಿದೆ. ಇನ್ನು ಕೆಲವು ವರ್ಷಗಳಲ್ಲಿ ಅದು ಮೇ ತಿಂಗಳಿಗೆ, ಹೊಲಕ್ಕೆ ಬಿಡುವಿರುವ ಕಾಲಕ್ಕೆ ಸರಿಯುತ್ತದೆ.

ಹುಬ್ಬಳ್ಳಿಯ ವ್ಯಾಪಾರಿಗಳಿಗೆ ಉಪಯೋಗವಾಗುವ ಒಂದು ಮಾತು ಉಳಿದಿದೆ. ಮುಸ್ಲಿಮರ ಕಡ್ಡಾಯ ದಾನವಾದ ಜಕಾತ್ ಸಲ್ಲಿಸಬೇಕಾದದ್ದು ಹಿಜರಿ ವರ್ಷಕ್ಕೊಮ್ಮೆ, ಶೇಕಡಾ ಎರಡೂವರೆಯಂತೆ. ಅಂಗಡಿಯ ಲೆಕ್ಕಪುಸ್ತಕ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದಾಗಿದ್ದು, ಅದರ ಪ್ರಕಾರವೇ ಜಕಾತ್ ತೆಗೆದರೆ ಪ್ರತಿ ವರ್ಷ ಹನ್ನೊಂದು ದಿನ ತಡವಾಗಿ, ಮೂವತ್ಮೂರು ವರ್ಷಗಳಲ್ಲಿ ಒಂದು ಇಡೀ ವರ್ಷದ ಜಕಾತ್ ಬಿಟ್ಟುಹೋಗುತ್ತದೆ. ಅದಕ್ಕಾಗಿ ಸೌರವರ್ಷದ ಲೆಕ್ಕ ಇಡುವವರು ಶೇಕಡಾ 2.5ರ ಬದಲು 2.577 ಹಿಡಿಯುವ ರೂಢಿ ಇದೆ. 365ನ್ನು 354ರಿಂದ ಭಾಗಿಸಿ ಎರಡೂವರೆಯಿಂದ ಗುಣಿಸಿದರೆ ಹತ್ತಿರಹತ್ತಿರ ಈ ಅಂಕಿಯೇ ಬರುತ್ತದೆ. ಹಾಗೆಯೇ 2030ರಲ್ಲಿ ಎರಡು ಸಲ ರಂಜಾನ್ ಶುರುವಾಗುತ್ತದೆ, ಜನವರಿ ಮೊದಲ ವಾರದಲ್ಲೊಮ್ಮೆ, ಡಿಸೆಂಬರ್ ಕೊನೆಯ ವಾರದಲ್ಲೊಮ್ಮೆ. ರಂಜಾನಿನಲ್ಲೇ ಜಕಾತ್ ಕೊಡುವವರು ಆ ಒಂದೇ ಕ್ಯಾಲೆಂಡರ್ ವರ್ಷದಲ್ಲಿ ಎರಡು ಸಲ ಹಣ ತೆಗೆದಿಡಬೇಕಾಗಬಹುದು.