ಮರ್ಮರ: ಎದ್ದು ನಿಂತರೆ ಜೋರಾಗುವ ಸದ್ದು

ಗಾಳಿಗೆ ಒಣಗಿದೆಲೆಗಳು ಅಲುಗಿದಾಗ ಬರುವ ಸದ್ದಿಗೆ ನಾವು ಮರ್ಮರ ಎನ್ನುತ್ತೇವೆ. ವಾರ್ಡಿನಲ್ಲಿ ಕಿವಿಗೆ ಬೀಳುವ ‘ಮರ್ಮರ್’ ಲ್ಯಾಟಿನ್ನಿನಿಂದ ಬಂದದ್ದು. ಅಲ್ಲೂ ಅದು ಗೊಣಗು, ಗುಂಯ್‌ಗುಡು ಎಂಬ ಅರ್ಥದ ಅನುಕರಣ ಪದವೇ. ಹೃದಯದಲ್ಲಿ ರಕ್ತ ನಯವಾಗಿ ಹರಿಯುವಾಗ ಸದ್ದಿಲ್ಲ. ಕವಾಟಗಳು ಮುಚ್ಚುವಾಗಿನ ಲಬ್ ಮತ್ತು ಡಬ್ ಮಾತ್ರ. ದಾರಿ ಕಿರಿದಾದರೆ, ಅಥವಾ ಮುಚ್ಚಿರಬೇಕಾದ ಕವಾಟ ಸೋರಿದರೆ, ಹರಿವು ಸುಳಿಸುತ್ತಿ ಸುಯ್ಯೆನ್ನುತ್ತದೆ. ತೋಟದ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅದುಮಿದವರಿಗೆ ಈ ಸದ್ದು ಗೊತ್ತು. ಅದೇ ಮರ್ಮರ.

ಎಂಬಿಬಿಎಸ್ ಮತ್ತು ಎಂಡಿ ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಮುಗ್ಗರಿಸುವುದು ಸದ್ದು ಕೇಳಿಸದೆ ಅಲ್ಲ. ಕೇಳಿಸಿದ ತಕ್ಷಣ ಹೆಸರಿಡಲು ಹೋಗಿ. ಒಂದು ಕೇಸ್ ಹಿಡಿದು ನೋಡೋಣ.

ಇಪ್ಪತ್ನಾಲ್ಕರ ಯುವಕ. ಆಟದ ಮೈದಾನದಲ್ಲಿ ಓಡುವಾಗ ಎರಡು ಸಲ ತಲೆ ಸುತ್ತಿ ಬಿದ್ದಿದ್ದಾನೆ. ಅವನ ಚಿಕ್ಕಪ್ಪ ಮೂವತ್ತರೊಳಗೆ ಇದ್ದಕ್ಕಿದ್ದಂತೆ ತೀರಿಕೊಂಡರಂತೆ. ಎದೆಯ ಮೇಲೆ ಸ್ಟೆತ್ ಇಟ್ಟರೆ ಸ್ಪಷ್ಟ ಮರ್ಮರ. ಇದು ಯಾವುದು?

ಮೊದಲ ಪ್ರಶ್ನೆ ಕಾಲದ್ದು. ಸದ್ದು ಲಬ್ ಮತ್ತು ಡಬ್ ನಡುವೆ ಇದೆಯೋ, ಡಬ್ ಆದ ಮೇಲೆ ಇದೆಯೋ? ನಾಡಿ ಬಡಿತ ನಿಧಾನವಿದ್ದರೆ ಕಿವಿಯೇ ಹೇಳುತ್ತದೆ, ಏಕೆಂದರೆ ಡಬ್ ನಂತರದ ಬಿಡುವು ಉದ್ದ. ನಿಮಿಷಕ್ಕೆ 110 ದಾಟಿತೆಂದರೆ ಎರಡೂ ಬಿಡುವು ಒಂದೇ ಅಳತೆಯಂತೆ ಕೇಳಿ ಕಿವಿ ಮೋಸ ಹೋಗುತ್ತದೆ. ಹಾಗಾಗಿ ಎಡಗೈ ಬೆರಳನ್ನು ಕುತ್ತಿಗೆಯ ಕ್ಯಾರೋಟಿಡ್ ಮೇಲೆ ಇಟ್ಟುಕೊಂಡೇ ಕೇಳಬೇಕು. ನಾಡಿ ಬೆರಳಿಗೆ ತಟ್ಟುವ ಹೊತ್ತಿಗೇ ಬರುವ ಸದ್ದು ಸಿಸ್ಟಾಲಿಕ್. ಮಣಿಕಟ್ಟಿನ ನಾಡಿ ಇದಕ್ಕೆ ಆಗುವುದಿಲ್ಲ. ಅಲೆ ಅಲ್ಲಿಗೆ ತಲುಪುವಷ್ಟರಲ್ಲಿ ತಡವಾಗಿರುತ್ತದೆ. ನಮ್ಮ ಯುವಕನಲ್ಲಿ ಸದ್ದು ನಾಡಿಯ ಜತೆಗೇ ಇದೆ. ಲಬ್ ಆದ ಮೇಲೆ ಒಂದು ಚೂರು ಬಿಟ್ಟು ಶುರುವಾಗಿ, ಏರಿ, ಇಳಿದು, ಡಬ್‌ಗಿಂತ ಮುಂಚೆ ನಿಲ್ಲುತ್ತದೆ. ಇದು ಎಜೆಕ್ಷನ್ ಸಿಸ್ಟಾಲಿಕ್, ಅಂದರೆ ರಕ್ತ ಹೊರಗೆ ಹೋಗುವ ದಾರಿಯಲ್ಲೇ ಎಲ್ಲೋ ಅಡ್ಡಿ. ಮೈಟ್ರಲ್ ಕವಾಟ ಮಾತ್ರ ಸೋರುತ್ತಿದ್ದರೆ ಸದ್ದು ಸಾಮಾನ್ಯವಾಗಿ ಲಬ್‌ನಿಂದಲೇ ಹೊರಟು ಡಬ್‌ವರೆಗೂ ಒಂದೇ ಮಟ್ಟದಲ್ಲಿ ಎಳೆಯುತ್ತಿತ್ತು.

ಇಷ್ಟು ಸಿಕ್ಕ ಮೇಲೆ ಹೆಚ್ಚಿನವರು ‘ಎಯೋರ್ಟಿಕ್ ಸ್ಟೆನೋಸಿಸ್ ಸರ್’ ಎಂದುಬಿಡುತ್ತಾರೆ. ಕೈ ಜಾಗ ಹುಡುಕುವುದನ್ನು ಇನ್ನೂ ನಿಲ್ಲಿಸಬಾರದು. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಏಣಿನ ಪಕ್ಕ ಎರಡನೇ ಪಕ್ಕೆಲುಬು. ಅಲ್ಲಿಂದ ಎಣಿಸುತ್ತಾ ಇಳಿಯಬೇಕು. ಎಯೋರ್ಟಿಕ್ ಕವಾಟ ಕಿರಿದಾಗಿದ್ದರೆ ಸದ್ದು ಬಲಗಡೆ ಎರಡನೇ ಸಂದಿಯಲ್ಲಿ ಜೋರಾಗಿ ಕುತ್ತಿಗೆಗೆ ಹತ್ತುತ್ತದೆ. ನಮ್ಮ ಯುವಕನಲ್ಲಿ ಎದೆಮೂಳೆಯ ಎಡ ಅಂಚಿನ ಕೆಳಭಾಗದಲ್ಲಿ ಜೋರು, ಕುತ್ತಿಗೆಯಲ್ಲಿ ಹೆಚ್ಚೇನೂ ಇಲ್ಲ. ಕ್ಯಾರೋಟಿಡ್ ಮೇಲಿಟ್ಟ ಬೆರಳೂ ಬೇರೆಯದನ್ನೇ ಹೇಳುತ್ತಿದೆ: ಕವಾಟ ಕಿರಿದಾದವರಂತೆ ನಾಡಿ ಸಣ್ಣದಾಗಿ ತಡೆದು ತಡೆದು ಏರುತ್ತಿಲ್ಲ, ಚಕ್ಕನೆ ಎಗರುತ್ತಿದೆ.

ಆದರೂ ಜಾಗವೊಂದನ್ನೇ ನಂಬಿದರೆ ಕೈಕೊಡುತ್ತದೆ. ವಯಸ್ಸಾದವರಲ್ಲಿ ಸುಣ್ಣಗಟ್ಟಿದ ಎಯೋರ್ಟಿಕ್ ಕವಾಟದ ಸದ್ದು ಕೆಲವೊಮ್ಮೆ ಹೃದಯದ ತುದಿಯಾದ ಏಪೆಕ್ಸಿನಲ್ಲಿ ಸಂಗೀತದಂತೆ ಕೇಳಿ, ಮೈಟ್ರಲ್ ಸೋರಿಕೆ ಅನ್ನಿಸುತ್ತದೆ. ಇದಕ್ಕೆ ಗಾಲಾವಾರ್ಡಿನ್ ಎಂಬ ಫ್ರೆಂಚ್ ವೈದ್ಯರ ಹೆಸರಿದೆ. ಎಲ್ಲಿ ಕೇಳಿಸಿತು ಎಂಬುದು ಸುಳಿವು ಮಾತ್ರ. ರಕ್ತದ ಪ್ರಮಾಣ ಬದಲಿಸಿದಾಗ ಸದ್ದು ಹೇಗೆ ಬದಲಾಗುತ್ತದೆ ಎಂಬುದು ಸಾಕ್ಷಿ. ಮೆನೂವರ್‌ಗಳು ಬೇಕಾಗುವುದು ಅದಕ್ಕೆ.

ಯುವಕನ ಹೊಟ್ಟೆಯ ಮೇಲೆ ಅಂಗೈ ಇಡಿ. ‘ಉಸಿರು ಬಿಗಿಹಿಡಿದು, ನನ್ನ ಕೈಯನ್ನ ಹೊಟ್ಟೆಯಿಂದ ಮೇಲಕ್ಕೆ ತಳ್ಳಪ್ಪ’ ಎನ್ನಿ. ವಲ್ಸಾಲ್ವಾ ಮಾಡಿ ಎಂದರೆ ಯಾರಿಗೂ ತಿಳಿಯುವುದಿಲ್ಲ. ತಿಣುಕು ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹತ್ತು ಸೆಕೆಂಡಾದರೂ ತಿಣುಕಬೇಕು, ಕೈಗೆ ಹೊಟ್ಟೆ ಗಟ್ಟಿಯಾಗಿದ್ದು ಗೊತ್ತಾಗಬೇಕು. ಎದೆಯೊಳಗೆ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಹಾಯಬೇಕಾದ ರಕ್ತವೇ ಕಡಿಮೆಯಾದಾಗ ಎಯೋರ್ಟಿಕ್ ಸ್ಟೆನೋಸಿಸ್‌ನ ಸದ್ದು ಇಳಿಯುತ್ತದೆ. ನಮ್ಮ ಯುವಕನಲ್ಲಿ ಅದು ಏರಿತು.

ಏಕೆ? ಇವನ ಅಡ್ಡಿ ಕವಾಟದಲ್ಲಿಲ್ಲ, ಅದರ ಕೆಳಗಿದೆ. ಹೃದಯದ ಎಡ ಕುಕ್ಷಿಯ ನಡುಗೋಡೆ ದಪ್ಪಗಾಗಿದೆ. ರಕ್ತ ಹೊರನುಗ್ಗುವಾಗ ಮೈಟ್ರಲ್ ಕವಾಟದ ಮುಂದಿನ ಎಸಳು ಆ ಗೋಡೆಯ ಕಡೆಗೆ ಎಳೆದುಕೊಂಡು ಹೋಗಿ ದಾರಿ ಕಟ್ಟುತ್ತದೆ. ಕುಕ್ಷಿ ತುಂಬಿಕೊಂಡಿದ್ದರೆ ಗೋಡೆಗೂ ಎಸಳಿಗೂ ಅಂತರ ಇರುತ್ತದೆ. ಬರಿದಾದಷ್ಟೂ ಎರಡೂ ಹತ್ತಿರ. ರಕ್ತ ಕಡಿಮೆಯಾದಾಗ ಅಡ್ಡಿ ಹೆಚ್ಚುವುದು ಹೀಗೆ. ಇದೇ ಹೈಪರ್‌ಟ್ರೋಫಿಕ್ ಅಬ್‌ಸ್ಟ್ರಕ್ಟಿವ್ ಕಾರ್ಡಿಯೋಮಯೋಪತಿ, ವಾರ್ಡಿನ ಬಾಯಲ್ಲಿ ಹೋಕಮ್.

ಈ ಒಂದು ಚಿತ್ರ ಮನಸ್ಸಿನಲ್ಲಿದ್ದರೆ ಉಳಿದದ್ದನ್ನು ಉರುಹೊಡೆಯಬೇಕಿಲ್ಲ. ಕುಕ್ಕರಗಾಲಲ್ಲಿ ಕೂತರೆ ಕಾಲಿನ ರಕ್ತ ಮೇಲೆ ಬಂದು, ಹೃದಯದ ಹೊರಗೆ ರಕ್ತನಾಳಗಳ ಒತ್ತಡವೂ ಏರಿ, ಕುಕ್ಷಿ ತುಂಬುತ್ತದೆ: ಸದ್ದು ಇಳಿಯಬೇಕು. ತಟ್ಟನೆ ಎದ್ದರೆ ರಕ್ತ ಕಾಲಿಗಿಳಿದು ಕುಕ್ಷಿ ಕುಗ್ಗುತ್ತದೆ: ಏರಬೇಕು. ಮಲಗಿಸಿ ಕಾಲೆತ್ತಿದರೆ ಇಳಿಯಬೇಕು. ಮುಷ್ಟಿ ಬಿಗಿಸಿದರೆ ಹೊರಗಿನ ಒತ್ತಡ ಏರಿ ಹೋಕಮ್ ಸದ್ದು ತಗ್ಗುತ್ತದೆ, ಮೈಟ್ರಲ್ ಸೋರಿಕೆಯದು ಜೋರಾಗುತ್ತದೆ.

ಇವುಗಳಲ್ಲಿ ನಾನು ಮೊದಲು ಮಾಡಿಸುವುದು ಕೂತು ಏಳುವುದನ್ನು. 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಲ್ಸಾಲ್ವಾ ಈ ಕಾಯಿಲೆಯ ನೂರಕ್ಕೆ 65 ಮಂದಿಯನ್ನಷ್ಟೇ ಹಿಡಿಯಿತು. ಆದರೆ ಕಾಯಿಲೆ ಇಲ್ಲದವರನ್ನು ಇದೆ ಎಂದು ತೋರಿಸಿದ್ದು ತೀರ ಅಪರೂಪ. ಕೂತು ಎದ್ದಾಗ 95 ಮಂದಿ ಸಿಕ್ಕಿದರು, ಸುಳ್ಳು ಸುಳಿವೂ ಸ್ವಲ್ಪ ಹೆಚ್ಚು ಬಂತು. ಕೂತು ಏಳುವುದು ಬಲೆ, ವಲ್ಸಾಲ್ವಾ ಮುದ್ರೆ. ಎರಡೂ ಒಪ್ಪಿದರೆ ಎಕ್ಸಾಮಿನರ್ ಎದುರು ಬಾಯಿ ಬಿಡಲು ಧೈರ್ಯ ಬರುತ್ತದೆ.

ಕೂತು ಏಳಿಸುವಾಗ ತಪ್ಪುವುದು ಹೆಚ್ಚಾಗಿ ನಮ್ಮಿಂದಲೇ. ಯುವಕ ಎದ್ದ ಮೇಲೆ ಸ್ಟೆತ್ ಹುಡುಕಿ ಇಡುವಷ್ಟರಲ್ಲಿ ಬದಲಾವಣೆ ಮುಗಿದಿರುತ್ತದೆ. ಪರೀಕ್ಷಿಸುವವರು ಸ್ಟೂಲಿನ ಮೇಲೆ ಕೂತು, ಸ್ಟೆತ್‌ನ ಡಯಾಫ್ರಮನ್ನು ಅದೇ ಜಾಗದಲ್ಲಿ ಒತ್ತಿ ಹಿಡಿದು, ಅವನು ಏಳುತ್ತಿದ್ದಂತೆ ಕೈಯನ್ನೂ ಜತೆಗೆ ಏರಿಸಬೇಕು. ಮೊದಲ ಹತ್ತು ಹದಿನೈದು ಬಡಿತಗಳನ್ನು ಬಿಡಬಾರದು. ಓಡುವಾಗ ಬಿದ್ದವನು ಎದ್ದಾಗಲೂ ಬೀಳಬಹುದಾದ್ದರಿಂದ ಪಕ್ಕದಲ್ಲಿ ಒಬ್ಬರು ನಿಂತಿರಬೇಕು. ಮಂಡಿನೋವಿನವರಿಗೆ, ಆಯಾಸದಿಂದ ಏದುಸಿರು ಬಿಡುವವರಿಗೆ ಇದು ಬೇಡ, ಕಾಲೆತ್ತಿ ನೋಡಿದರೆ ಸಾಕು.

ಎದ್ದಾಗ ಏರುವ ಇನ್ನೊಂದು ಸದ್ದಿದೆ: ಮೈಟ್ರಲ್ ಎಸಳು ಹಿಂದಕ್ಕೆ ಜೋಲುವ ಪ್ರೊಲ್ಯಾಪ್ಸ್. ಅಲ್ಲಿ ಲಬ್‌ಡಬ್ ನಡುವೆ ಟಕ್ ಎಂಬ ಕ್ಲಿಕ್ ಇರುತ್ತದೆ. ಎದ್ದಾಗ ಆ ಕ್ಲಿಕ್ ಲಬ್ ಕಡೆಗೆ ಸರಿಯುತ್ತದೆ, ಅದರ ಹಿಂದಿನ ಮರ್ಮರ ಉದ್ದವಾಗುತ್ತದೆ. ಉದ್ದವಾದದ್ದನ್ನು ಜೋರಾಯಿತೆಂದು ಬರೆದವರು ಬಹಳ ಮಂದಿ.

ಇನ್ನು ಹೋಕಮ್‌ನ ಗುಣವೇ ಹೀಗೆ: ಇವತ್ತು ಕೇಳಿದ್ದು ನಾಳೆ ಕೇಳದಿರಬಹುದು. ಗೋಡೆ ದಪ್ಪಗಾದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಅಡ್ಡಿಯೇ ಇರುವುದಿಲ್ಲ, ಇನ್ನೊಬ್ಬರಿಗೆ ಕೆಣಕಿದಾಗ ಮಾತ್ರ. ಹಾಗಾಗಿ ಈ ಯುವಕನ ಅಣ್ಣತಮ್ಮಂದಿರ, ಅಕ್ಕತಂಗಿಯರ ಎದೆಯಲ್ಲಿ ಏನೂ ಕೇಳಿಸದಿದ್ದರೂ ಅವರಿಗೂ ಇಸಿಜಿ ಮತ್ತು ಎಕೋ ಮಾಡಿಸಬೇಕು. ‘ಮುಂದೇನು ಮಾಡ್ತೀರಿ?’ ಎಂದು ಎಕ್ಸಾಮಿನರ್ ಕೇಳಿದರೆ ಹೇಳಬೇಕಾದದ್ದು ಅದನ್ನೇ.