ಐನೂರು, ಏಳ್ನೂರೈವತ್ತು, ಸಾವಿರ: ಇದರಲ್ಲಿ ‘ಬೇಡ’ ಎಲ್ಲಿದೆ?

ಜನರನ್ನು ಪ್ರಶ್ನೆ ಕೇಳುವುದೇ ನನ್ನ ಕಸುಬು. ಸಮೀಕ್ಷೆಗಳಿಗೆ ಪ್ರಶ್ನಾವಳಿ ಬರೆದು ಕೊಡುತ್ತೇನೆ. ನನ್ನ ಹತ್ತಿರ ಬರುವವರು ಪ್ರಶ್ನೆಯ ಒಂದೊಂದು ಪದಕ್ಕೂ ಅರ್ಧ ಗಂಟೆ ಜಗಳ ಆಡುತ್ತಾರೆ. ಕೆಳಗಿನ ಆಯ್ಕೆಗಳನ್ನು ಮಾತ್ರ ಲಿಫ್ಟ್‌ನಲ್ಲಿ ಇಳಿಯುತ್ತಾ ಬರೆದು ಮುಗಿಸುತ್ತಾರೆ. ಫಲಿತಾಂಶ ಕೆಡುವುದು ಜಾಸ್ತಿ ಅಲ್ಲೇ.

ಹೋದ ಬೇಸಿಗೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೇ ಒಂದು ಪೋಲ್ ಬಂತು. “ಟ್ಯಾಂಕರ್ ನೀರಿಗೆ ತಿಂಗಳಿಗೆ ಎಷ್ಟು ಕೊಡಬಹುದು?” ಆಯ್ಕೆಗಳು ಮೂರು: 500, 750, 1000. ನಮ್ಮಲ್ಲಿರುವುದು 96 ಮನೆ. ಮರುದಿನದ ಹೊತ್ತಿಗೆ 500ಕ್ಕೆ 38, 750ಕ್ಕೆ 9, 1000ಕ್ಕೆ 3 ಮತ ಬಿದ್ದಿದ್ದವು. ಕಾರ್ಯದರ್ಶಿಗಳು “76% ಜನ ಐನೂರಕ್ಕೆ ಒಪ್ಪಿದ್ದಾರೆ” ಎಂದು ಹಾಕಿದರು.

“ಸರ್, ಟ್ಯಾಂಕರ್ರೇ ಬೇಡ ಅನ್ನೋರು ಏನು ಒತ್ತಬೇಕಿತ್ತು?” ಅಂದೆ. “ಬೇಡ ಅನ್ನೋರು ಸುಮ್ನಿದ್ದರಲ್ಲ ಮೇಡಂ” ಅಂದರು.

ಸುಮ್ಮನಿದ್ದವರಲ್ಲಿ ಎಲ್ಲ ಥರದವರೂ ಇರುತ್ತಾರೆ. ಬೇಡ ಅನ್ನುವವರು, ಪೋಲ್ ನೋಡದವರು, ‘ಇದು ಮನೆ ಮಾಲೀಕರು ಕೊಡುವ ದುಡ್ಡು’ ಅಂದುಕೊಂಡ ಬಾಡಿಗೆದಾರರು. ಇವರನ್ನು ಬೇರೆ ಮಾಡುವ ಸಾಲೇ ಪೋಲ್‌ನಲ್ಲಿ ಇರಲಿಲ್ಲ. ಇನ್ನೊಂದು ಎಡವಟ್ಟೂ ಆಗಿತ್ತು. ಒಬ್ಬರೇ ಹಲವು ಆಯ್ಕೆ ಒತ್ತಬಹುದಾದ ಬಟನ್ ಆನ್ ಆಗಿಯೇ ಉಳಿದಿತ್ತು. ಒತ್ತಿದವರ ಹೆಸರು ನೋಡಿ ಎಣಿಸಿದೆ. ಮತ 50, ಒತ್ತಿದವರು 43. ಏಳು ಜನ 500 ಮತ್ತು 750 ಎರಡನ್ನೂ ಒತ್ತಿದ್ದರು. ‘750ರವರೆಗೂ ಸರಿ’ ಅಂತಲೋ, ‘ಯಾವುದಾದರೂ ಆಗಲಿ’ ಅಂತಲೋ, ಅವರನ್ನೇ ಕೇಳಬೇಕು.

ಇವೆಲ್ಲ ಒಮ್ಮೆ ಹೇಳಿದರೆ ಅರ್ಥವಾಗುತ್ತವೆ. ಎಷ್ಟು ಹೇಳಿದರೂ ಜನ ನಂಬದ ಸಂಗತಿ ಇನ್ನೊಂದಿದೆ. ಆಯ್ಕೆಗಳ ಪಟ್ಟಿ ಉತ್ತರವನ್ನು ಹಿಡಿದಿಡುವುದಷ್ಟೇ ಅಲ್ಲ, ಉತ್ತರ ಹೇಳಿಯೂ ಕೊಡುತ್ತದೆ. ಜರ್ಮನಿಯಲ್ಲಿ ಮನಶ್ಶಾಸ್ತ್ರಜ್ಞ ನಾರ್ಬರ್ಟ್ ಶ್ವಾರ್ಜ್ ಮತ್ತು ಜೊತೆಗಾರರು ದಿನಕ್ಕೆ ಎಷ್ಟು ಹೊತ್ತು ಟಿವಿ ನೋಡುತ್ತೀರಿ ಎಂದು ಕೇಳಿ, 1985ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಗುಂಪಿಗೆ ಕೊಟ್ಟ ಪಟ್ಟಿ ‘ಅರ್ಧ ಗಂಟೆಯವರೆಗೆ’ ಎಂದು ಶುರುವಾಗಿ ‘ಎರಡೂವರೆ ಗಂಟೆಗಿಂತ ಜಾಸ್ತಿ’ ಎಂದು ಮುಗಿಯುತ್ತಿತ್ತು. ಇನ್ನೊಂದು ಗುಂಪಿನ ಪಟ್ಟಿ ಶುರುವಾಗುವುದೇ ‘ಎರಡೂವರೆ ಗಂಟೆಯವರೆಗೆ’ ಎಂದು. ಎರಡೂವರೆ ಗಂಟೆಗಿಂತ ಜಾಸ್ತಿ ನೋಡುತ್ತೇವೆ ಎಂದವರು ಮೊದಲ ಗುಂಪಿನಲ್ಲಿ 16.2%, ಎರಡನೆಯದರಲ್ಲಿ 37.5%. ಪ್ರಶ್ನೆ ಎರಡು ಕಡೆಯೂ ಒಂದೇ. ಪಟ್ಟಿಯ ನಡುವೆ ಇರುವುದೇ ‘ಎಲ್ಲರೂ ಮಾಡುವುದು’ ಎಂದುಕೊಂಡು ಜನ ತಮ್ಮನ್ನು ಅದರ ಆಸುಪಾಸಿನಲ್ಲಿ ಕೂರಿಸಿಕೊಂಡಿದ್ದರು.

ನಮ್ಮ ಪೋಲ್‌ನಲ್ಲಿ 500 ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಅದನ್ನು ಒತ್ತಿದವರು ‘ಇದಕ್ಕಿಂತ ಕಡಿಮೆ ಇಲ್ವಲ್ಲ’ ಎಂದು ಒತ್ತಿರಬಹುದು. ಪಟ್ಟಿ 100, 200, 300, 500 ಎಂದಿದ್ದರೆ ಅದೇ 500 ದುಬಾರಿಯಾಗಿ ಕಾಣುತ್ತಿತ್ತು. ಅಷ್ಟೇ ಅಲ್ಲ, ಯಾರು ಏನು ಒತ್ತಿದರು ಎಂದು ಇಡೀ ಗುಂಪಿಗೇ ಕಾಣುತ್ತಿತ್ತು, ಅಧ್ಯಕ್ಷರ ಬೆರಳು ಮೊದಲೇ 500ರ ಮೇಲಿತ್ತು.

“ಹಾಗಾದರೆ ನೀವೇ ಬರೆದುಕೊಡಿ” ಅಂದರು ಕಾರ್ಯದರ್ಶಿಗಳು, ಸ್ವಲ್ಪ ಸಿಟ್ಟಿನಲ್ಲೇ. ನಾನು ಮೊದಲು ಬರೆಯಲಿಲ್ಲ. ಬೇರೆ ಬೇರೆ ಮಹಡಿಯ ಎಂಟು ಮನೆಯ ಬಾಗಿಲು ತಟ್ಟಿ, “ನೀರಿನ ವಿಷಯ ಏನು ಮಾಡೋಣ?” ಎಂದಷ್ಟೇ ಕೇಳಿದೆ. ಆಯ್ಕೆಗಳನ್ನು ಆರಿಸಿಕೊಂಡದ್ದು ಅವರ ಮಾತಿನಿಂದಲೇ. ನೆಲಮಹಡಿಯ ಅಜ್ಜಿ ಕಾಫಿ ಕೊಟ್ಟು, “ನಮಗೆ ನೀರು ಬರುತ್ತಮ್ಮಾ, ಅದಕ್ಕೇ ಒತ್ತಲಿಲ್ಲ” ಅಂದರು.

ಆಮೇಲೆ ಎರಡು ಪೋಲ್ ಮಾಡಿದೆವು, ಒಂದೊಂದರಲ್ಲೂ ಒಬ್ಬರಿಗೆ ಒಂದೇ ಮತ. ಮೊದಲನೆಯದು: “ಕಳೆದ 7 ದಿನಗಳಲ್ಲಿ ನಿಮ್ಮ ಮನೆಗೆ ಎಷ್ಟು ದಿನ ನೀರು ಬರಲಿಲ್ಲ?” ಆಯ್ಕೆಗಳು: ಒಂದು ದಿನವೂ ಇಲ್ಲ, 1–2 ದಿನ, 3–4 ದಿನ, 5 ಅಥವಾ ಜಾಸ್ತಿ, ನಾವು ಊರಲ್ಲಿರಲಿಲ್ಲ. ‘ಆಗಾಗ’, ‘ಅಪರೂಪಕ್ಕೆ’ ಎಂದು ಹಾಕಲಿಲ್ಲ, ಒಬ್ಬರ ಆಗಾಗ ಇನ್ನೊಬ್ಬರ ಅಪರೂಪ. ಎರಡನೆಯದು: “ಮೊದಲು ಯಾವುದಕ್ಕೆ ದುಡ್ಡು ಹಾಕೋಣ?” ಟ್ಯಾಂಕರ್, ಮನೆಗೊಂದು ಮೀಟರ್, ಪೈಪ್ ಮತ್ತು ಟ್ಯಾಂಕ್ ರಿಪೇರಿ, ಈಗ ಯಾವುದಕ್ಕೂ ಬೇಡ, ಇನ್ನೂ ತೀರ್ಮಾನಿಸಿಲ್ಲ, ಬೇರೆ, ಕೆಳಗೆ ಬರೆಯಿರಿ. ಎಷ್ಟು ದುಡ್ಡು ಎಂಬ ಮಾತು ಆಮೇಲಿನದು. ದುಡ್ಡಿನ ಪ್ರಶ್ನೆಯನ್ನು ಹೆಸರು ಕಾಣದ ಫಾರ್ಮ್‌ನಲ್ಲಿ ಕೇಳುವುದು ಒಳ್ಳೆಯದು ಎಂದೂ ಹೇಳಿದೆ.

ಇದೂ ಪಕ್ಕಾ ಲೆಕ್ಕವಲ್ಲ. 71 ಮನೆ ಉತ್ತರ ಕೊಟ್ಟವು, ಉಳಿದ 25ರ ಬಗ್ಗೆ ಏನೂ ಹೇಳಲಾರೆ. ಆದರೆ ಐದು ದಿನ ಅಥವಾ ಜಾಸ್ತಿ ನೀರಿಲ್ಲ ಎಂದವರ ಹೆಸರು ನೋಡಿದರೆ, ಹೆಚ್ಚುಕಡಿಮೆ ಎಲ್ಲರೂ ಸಿ ಬ್ಲಾಕ್‌ನ ಮೇಲಿನ ಎರಡು ಮಹಡಿಯವರು. ‘ಬೇರೆ’ ಎಂದು ಒತ್ತಿದವರಲ್ಲಿ ಒಬ್ಬರು ರಾತ್ರಿಯೆಲ್ಲ ತಾರಸಿಯಿಂದ ನೀರು ಸುರಿಯುವ ಸದ್ದು ಕೇಳುತ್ತದೆ ಎಂದು ಬರೆದಿದ್ದರು. ಪ್ಲಂಬರ್ ಹತ್ತಿ ನೋಡಿದರೆ ಟ್ಯಾಂಕಿನ ಹೊರಪೈಪ್ ಬಿರುಕು ಬಿಟ್ಟಿತ್ತು. ಟ್ಯಾಂಕರ್ ಆಮೇಲೂ ಬೇಕಾಯಿತು, ಆದರೆ ಮೊದಲಿನಷ್ಟಲ್ಲ.