ಬಾಸ್ ಸುತ್ತು ಹಾಕುತ್ತಲೇ ಇದೆ, ಹಾಡು ಎಲ್ಲಿ ಉಸಿರೆಳೆಯಬೇಕು?

1600ರ ಆಸುಪಾಸಿನ ಸ್ಪೇನಿನಲ್ಲಿ ಚಾಕೋನಾ ಎಂದರೆ ಪೋಲಿ ಎನಿಸಿಕೊಂಡ ಕುಣಿತದ ಹಾಡು. ಪಾಸಕಾಯೆ ಎಂದರೆ ಚರಣಗಳ ನಡುವೆ ಗಿಟಾರಿನಲ್ಲಿ ಬಾರಿಸುವ ಚಿಕ್ಕ ತುಣುಕು. ಇಟಲಿಗೆ ಬಂದ ಮೇಲೆ ಇವೆರಡೂ ಶಕೋನ್, ಪಾಸಕಾಲಿಯಾ ಎಂಬ ರೂಪಗಳಾದವು: ಕೆಳಗೆ ಬಾಸ್ ಎಂಬ ತಗ್ಗು ದನಿಯಲ್ಲಿ ಒಂದೇ ಚಿಕ್ಕ ಸಾಲು ಮರಳಿ ಮರಳಿ ಬರುತ್ತದೆ, ಮೇಲಿನದು ಬದಲಾಗುತ್ತದೆ. ಎರಡಕ್ಕೂ ಏನು ವ್ಯತ್ಯಾಸ ಎಂಬುದರಲ್ಲಿ ಆ ಕಾಲದವರಲ್ಲೇ ಒಮ್ಮತವಿರಲಿಲ್ಲ. ಆ ಜಗಳ ನಮಗೆ ಬೇಡ.

ನಿಜವಾದ ತೊಡಕು ಒಂದು ಸುತ್ತು ಮುಂದಿನದಕ್ಕೆ ಸೇರುವ ಬೆಸುಗೆಯದ್ದು. ಪ್ರತಿ ಸುತ್ತು ಮುಗಿದಾಗಲೂ ಮೇಲಿನ ರಾಗವೂ ನಿಂತರೆ ಕೃತಿ ತುಂಡು ತುಂಡಾಗಿ ಕೇಳಿಸುತ್ತದೆ. ಇಟಲಿಯ ಸಂಯೋಜಕ ಮೊಂಟೆವೆರ್ಡಿ 1638ರಲ್ಲಿ ಅಚ್ಚಾದ 'ಅಪ್ಸರೆಯ ಪ್ರಲಾಪ'ದಲ್ಲಿ ಇದನ್ನು ಸುಲಭವಾಗಿ ದಾಟಿದ. ಅವನ ಬಾಸ್ ಬರೀ ಸ ನಿ ಧ ಪ. ಪಂಚಮದಲ್ಲಿ ನಿಂತದ್ದು ತಾನಾಗಿಯೇ ಷಡ್ಜವನ್ನು ಕೇಳುತ್ತದೆ, ಹಾಗಾಗಿ ಸುತ್ತು ಎಲ್ಲೂ ಮುಗಿದಂತೆ ಅನಿಸುವುದಿಲ್ಲ.

ಇಂಗ್ಲೆಂಡಿನ ಸಂಯೋಜಕ ಪರ್ಸೆಲ್ ಆ ಅನುಕೂಲವನ್ನು ಕೈಬಿಟ್ಟ. 1680ರ ದಶಕದ 'ಡೈಡೋ ಮತ್ತು ಈನಿಯಸ್' ಒಪೆರಾದ ಕೊನೆಯಲ್ಲಿ ಸಾಯಲು ಹೊರಟ ರಾಣಿ ಹಾಡುವಾಗ, ಬಾಸ್ ಷಡ್ಜದಿಂದ ಎರಡೂ ನಿಷಾದ, ಎರಡೂ ಧೈವತಗಳನ್ನು ಒಂದೊಂದಾಗಿ ಮೆಟ್ಟಿ ಪಂಚಮಕ್ಕಿಳಿಯುತ್ತದೆ. ಅಲ್ಲಿಗೇ ಬಿಡದೆ ಗ ಮ ಪ ಎಂದು ಸಾಗಿ ಷಡ್ಜದಲ್ಲಿ ಪೂರ್ಣವಿರಾಮ ಹಾಕುತ್ತದೆ. ಮೂರೆಣಿಕೆಯ ಐದು ಆವರ್ತಗಳಿಗೆ ಒಂದು ಸುತ್ತು. ಒಟ್ಟು ಹನ್ನೊಂದು ಸುತ್ತು. ಅಂದರೆ ಐದೈದು ಆವರ್ತಕ್ಕೊಮ್ಮೆ ಹಾಡು ನಿಂತುಹೋಗುವ ಅಪಾಯ. ಪರ್ಸೆಲ್ ಗಾಯಕಿಯ ಸಾಲುಗಳನ್ನು ಈ ಬೆಸುಗೆಯ ಮೇಲೆ ಹಾಯಿಸುತ್ತಾನೆ: ಬಾಸ್ ಮುಗಿದಾಗ ಅವಳ ಮಾತು ಇನ್ನೂ ನಡುವಿನಲ್ಲಿರುತ್ತದೆ, ಅವಳು ಉಸಿರೆಳೆಯುವಾಗ ಬಾಸ್ ಅರ್ಧದಾರಿಯಲ್ಲಿರುತ್ತದೆ. ಬಾಸನ್ನು ಬೆರಳಲ್ಲಿ ಎಣಿಸುತ್ತ ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಗಾಯಕಿ ಪ್ರತಿ ಷಡ್ಜಕ್ಕೂ ನಿಧಾನಿಸಿದರೆ ಮಾತ್ರ ಈ ಜಾಣ್ಮೆಯೆಲ್ಲ ನೀರಲ್ಲಿ ಹೋಮ.

ಆದರೆ ಬೆಸುಗೆ ಮುಚ್ಚಿದರೆ ಸಾಕೆ? ಸುತ್ತುಗಳು ಇಪ್ಪತ್ತಾದಾಗ ಕೇಳುಗನಿಗೆ ಎಲ್ಲಿದ್ದೇವೆಂಬ ಗುರುತು ಬೇಕು. ಬಾಖ್ ಆರ್ಗನ್ನಿಗೆ ಬರೆದ ಸಿ ಮೈನರ್ ಪಾಸಕಾಲಿಯಾದಲ್ಲಿ ಎಂಟು ಆವರ್ತದ ಸಾಲು ಮೊದಲು ಕಾಲಿನಿಂದ ನುಡಿಸುವ ಪೆಡಲಿನಲ್ಲಿ ಒಂಟಿಯಾಗಿ ಬರುತ್ತದೆ, ಆಮೇಲೆ ಇಪ್ಪತ್ತು ಮಾರ್ಪಾಡುಗಳು. ಮೊದಮೊದಲು ಸ್ವರಗಳ ಓಟ ಹೆಚ್ಚುತ್ತ ಹೋಗುತ್ತದೆ. ಆದರೆ ವೇಗ ಏರಿಸುತ್ತಲೇ ಇರಲಾಗದು, ಬೆರಳಿಗೂ ಕಿವಿಗೂ ಒಂದು ಮಿತಿಯಿದೆ. ಅದಕ್ಕೇ 11ನೇ ಮಾರ್ಪಾಡಿನಲ್ಲಿ ಬಾಸಿನ ಸಾಲು ಮೇಲಿನ ದನಿಗೆ ಜಿಗಿಯುತ್ತದೆ. 14, 15ರಲ್ಲಿ ಪೆಡಲ್ ಮೌನ. ಸಾಲು ಬಿಡಿ ಸ್ವರಗಳ ನಡುವೆ ಅಡಗಿರುತ್ತದೆ. 16ರಲ್ಲಿ ಪೆಡಲ್ ಅದೇ ಸಾಲನ್ನು ಹೊತ್ತು ಮರಳಿದಾಗ, ಹೊಸದೇನೂ ಇಲ್ಲದಿದ್ದರೂ ಅದು ಕೃತಿಯ ದೊಡ್ಡ ತಿರುವು. ಇಪ್ಪತ್ತೂ ಮುಗಿದ ಮೇಲೆ, ದನಿಗಳು ಒಂದೇ ರಾಗವನ್ನು ಒಂದರ ಹಿಂದೊಂದು ಎತ್ತಿಕೊಳ್ಳುವ ಫ್ಯೂಗ್ ಬರುತ್ತದೆ, ಅದಕ್ಕೆ ಬಾಖ್ ಸಾಲಿನ ಮೊದಲರ್ಧವನ್ನಷ್ಟೇ ಆರಿಸಿಕೊಂಡ. ಎಂಟೆಂಟರ ಕಟ್ಟು ಅಲ್ಲಿ ಸಡಿಲುತ್ತದೆ.